ನಡೆಯದ ಘಟನೆಗೆ ‘ನಿಜದಂತಹ’ ವರದಿ ಕೇಳಿದಾಗ

ಊರಿನ ಹಳೆಯ ಸೇತುವೆ ಕುಸಿದು ಶಾಲಾ ಮಕ್ಕಳು ಸಿಲುಕಿದ್ದಾರೆಂದು ಪತ್ರಿಕೆಯ ವರದಿಯಂತೆಯೇ ಬರೆದುಕೊಡಿ, ಅದನ್ನು ನೋಡಿದರೆ ಅಧಿಕಾರಿಗಳು ಎಚ್ಚೆತ್ತುಕೊಳ್ಳುತ್ತಾರೆ ಎಂದು ಪರಿಚಯದವರೊಬ್ಬರು ಕೇಳಿದರು. ಉದ್ದೇಶ ಒಳ್ಳೆಯದೇ, ಆದರೂ ನಾನು ಒಪ್ಪಲಿಲ್ಲ.

ಕೊನೆಯಲ್ಲಿ ‘ಇದು ಕಾಲ್ಪನಿಕ’ ಎಂದು ಬರೆದರೆ ಸಾಕೆಂಬುದು ಅವರ ವಾದವಾಗಿತ್ತು. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿಗಾಗಿ ಅಭಿನಯಿಸಿ ತಯಾರಿಸಿದ ವಿಡಿಯೊವೊಂದರ ಕೊನೆಯ ಸಂದೇಶವನ್ನು ಕತ್ತರಿಸಿ, ಅದನ್ನು ನಿಜವಾದ ಅಪಹರಣವೆಂದು ನಮ್ಮಲ್ಲಿ ಹರಡಲಾಯಿತು. ಅಂತಹ ಮಕ್ಕಳ ಕಳ್ಳರ ವದಂತಿಯಿಂದಲೇ 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರನ್ನು ಗುಂಪೊಂದು ಹೊಡೆದು ಕೊಂದಿತು.

ಆದ್ದರಿಂದ ಅವರಿಗೆ ಬೇರೆ ದಾರಿ ಸೂಚಿಸಿದೆ. ಬಿರುಕುಗಳ ಫೋಟೊವನ್ನು ದಿನಾಂಕ ಸಹಿತ ತೆಗೆದು, ದಿನವೂ ಅಲ್ಲಿ ಎಷ್ಟು ಮಕ್ಕಳು ದಾಟುತ್ತಾರೆಂದು ಎಣಿಸಿ, ಪಂಚಾಯಿತಿಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಮನವಿ ಸಲ್ಲಿಕೆಯೇ ನಿಜವಾದ ಸುದ್ದಿ, ಅದರ ವರದಿಯನ್ನು ಸಂತೋಷದಿಂದ ಬರೆದುಕೊಡುತ್ತೇನೆ ಎಂದೆ. ಕಲ್ಪನೆಯೇ ಬೇಕೆಂದರೆ ‘ಈ ಸೇತುವೆ ಕುಸಿದರೆ’ ಎಂಬ ಲೇಖನವಾಗಲಿ, ಕಲ್ಪಿತ ಊರಿನ ಕತೆಯಾಗಲಿ ಆಗಬಹುದು. ಆಗಲೂ ದಿನಾಂಕದ ಸಾಲು, ಅಧಿಕಾರಿಯ ಹೇಳಿಕೆ, ಸತ್ತವರ ಸಂಖ್ಯೆ ಇರಬಾರದು, ಏಕೆಂದರೆ ಓದುಗರು ನಂಬುವುದು ಅವನ್ನೇ. ‘ಕಾಲ್ಪನಿಕ’ ಎಂಬ ಪದ ಶೀರ್ಷಿಕೆಯಲ್ಲಷ್ಟೇ ಅಲ್ಲದೆ ಪ್ರತಿ ಪ್ಯಾರಾದೊಳಗೂ ಬಂದರೆ, ಯಾರಾದರೂ ಒಂದು ತುಣುಕನ್ನು ಸ್ಕ್ರೀನ್‌ಶಾಟ್ ತೆಗೆದರೂ ಅದು ಜೊತೆಗೇ ಹೋಗುತ್ತದೆ.