ಲೇಹ್‌ನಲ್ಲಿ ಮೊದಲ ದಿನಗಳ ನಾಡಿ: ನಾನು ಎಣಿಸುವ ಕ್ರಮ

ಕೊಡಚಾದ್ರಿಯ ಭಟ್ಟರ ಮನೆಯಿಂದ ಸರ್ವಜ್ಞ ಪೀಠದ ಏರು ಹತ್ತುವಾಗ ವಾಚು ನಾಡಿ 150 ತೋರಿಸಿದರೆ ಅದಕ್ಕೂ ಎತ್ತರಕ್ಕೂ ಸಂಬಂಧ ಇಲ್ಲವೆಂದೇ ಹೇಳಬೇಕು. ಅದು ಏರಿನ ಕೆಲಸ, ಬೆನ್ನ ಮೇಲಿನ ಚೀಲದ ಕೆಲಸ, ಸೆಕೆಯ ಕೆಲಸ. ಕೊಡಚಾದ್ರಿ ಇರುವುದು 1343 ಮೀಟರ್; ಮುಳ್ಳಯ್ಯನಗಿರಿಯೂ 2000 ಮೀಟರ್ ಮುಟ್ಟುವುದಿಲ್ಲ. ಅಲ್ಲಿ ಗಾಳಿಯ ಒತ್ತಡ ಒಂದಿಷ್ಟು ತಗ್ಗಿದರೂ ರಕ್ತದ ಆಮ್ಲಜನಕ ಗಮನಕ್ಕೆ ಬರುವಷ್ಟು ಇಳಿಯುವುದಿಲ್ಲ. ಹಾಗಾಗಿ ಮಲೆನಾಡಿನ ಗುಡ್ಡಗಳಲ್ಲಿ ಕಾಲೂ ದಮ್ಮೂ ಗಟ್ಟಿಯಾಗುತ್ತವೆ, ಆದರೆ ಮೈ ಎತ್ತರಕ್ಕೆ ಒಗ್ಗುವುದಿಲ್ಲ. ವಾರಕ್ಕೊಮ್ಮೆ ಕೊಡಚಾದ್ರಿ ಹತ್ತಿದವರೂ ಲೇಹ್‌ನ ಮೊದಲ ರಾತ್ರಿ ಬೇರೆಯವರಷ್ಟೇ ಹೊಸಬರು.

ಲೇಹ್ ಸುಮಾರು 3500 ಮೀಟರ್. ಅಲ್ಲಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ. 21ರಷ್ಟೇ. ಒತ್ತಡ ಮಾತ್ರ ಸಮುದ್ರಮಟ್ಟದ ಮೂರನೇ ಎರಡರಷ್ಟಕ್ಕೆ ಇಳಿದಿರುವುದರಿಂದ ಪ್ರತಿ ಉಸಿರಿಗೆ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಕೊರಳಿನ ಎರಡೂ ಪಕ್ಕ, ಮೆದುಳಿಗೆ ಹೋಗುವ ರಕ್ತನಾಳ ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಕರೋಟಿಡ್ ಬಾಡಿ ಇದೆ. ರಕ್ತದಲ್ಲಿ ಆಮ್ಲಜನಕ ಇಳಿದದ್ದು ಮೊದಲು ಗೊತ್ತಾಗುವುದು ಅದಕ್ಕೆ. ಉಸಿರಾಟ ಹೆಚ್ಚುತ್ತದೆ, ಅಡ್ರಿನಲಿನ್ ಏರುತ್ತದೆ, ಹೃದಯ ಬೇಗ ಬೇಗ ಬಡಿಯುತ್ತದೆ. ರಕ್ತದ ಒಂದು ಸುತ್ತಿನಲ್ಲಿ ಸಿಗುವ ಆಮ್ಲಜನಕ ಕಡಿಮೆಯಾದ್ದರಿಂದ ಸುತ್ತು ಹೆಚ್ಚಿಸಿ ಸರಿದೂಗಿಸುವ ಲೆಕ್ಕ. ಇದು ಕಾಯಿಲೆಯಲ್ಲ, ಹೀಗೇ ಆಗಬೇಕು. ಗೊತ್ತಾಗಬೇಕಿರುವುದು, ಬಡಿತ ಎಷ್ಟು ಏರಿದೆ ಮತ್ತು ಇಳಿಯುವ ದಾರಿ ಹಿಡಿದಿದೆಯೇ ಎಂಬುದು.

ಅದಕ್ಕೆ ಊರಿನ ಅಂಕಿ ಕೈಯಲ್ಲಿರಬೇಕು. ಹೊರಡುವ ಮುಂಚಿನ ಒಂದು ವಾರ, ಶಿವಮೊಗ್ಗದ ಮನೆಯಲ್ಲೇ, ಬೆಳಿಗ್ಗೆ ಎಚ್ಚರವಾದ ಮೇಲೆ ಮೂತ್ರಕ್ಕೆ ಹೋಗಿ ಬಂದು, ಮತ್ತೆ ಐದು ನಿಮಿಷ ಅಂಗಾತ ಮಲಗಿ, ಹೆಬ್ಬೆರಳ ಬುಡದ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸುತ್ತೇನೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದೇ ಬಡಿತ ತಪ್ಪಿದರೂ ನಾಲ್ಕರ ವ್ಯತ್ಯಾಸ ಬರುತ್ತದೆ; ಎತ್ತರದಲ್ಲಿ ನಾವು ಹುಡುಕುವ ಏರಿಳಿತವೇ ಕೆಲವೊಮ್ಮೆ ಅಷ್ಟಿರುತ್ತದೆ. ಏಳು ಅಂಕಿಗಳಲ್ಲಿ ಅತಿ ಹೆಚ್ಚು, ಅತಿ ಕಡಿಮೆ ಬಿಟ್ಟು ಉಳಿದ ಐದರ ಸರಾಸರಿ ಹಿಡಿಯುತ್ತೇನೆ. ಅಲ್ಲಿಗೆ ಹೋದ ಮೇಲೂ ಇದೇ ಕ್ರಮ, ಕಾಫಿಗೆ ಮೊದಲು, ಮಲಗಿಯೇ. ಟೆಂಟಿನಿಂದ ಹೊರಗೆ ಹೋಗಿ ಬಂದು, ಚಳಿಗೆ ನಡುಗುತ್ತಾ ಎಣಿಸಿದ ಅಂಕಿ ಊರಿನ ಅಂಕಿಯ ಪಕ್ಕ ಇಡಲು ಬರುವುದಿಲ್ಲ.

ಉದಾಹರಣೆಗೆ ಊರಿನಲ್ಲಿ 62 ಇರುವವರೊಬ್ಬರು ವಿಮಾನದಲ್ಲಿ ಲೇಹ್‌ಗೆ ಇಳಿದರೆನ್ನಿ. ಮಧ್ಯಾಹ್ನ ಮಲಗಿ ಎಣಿಸಿದಾಗ 74, ಆಕ್ಸಿಮೀಟರಿನಲ್ಲಿ ರಕ್ತದ ಆಮ್ಲಜನಕ ಶೇ. 89. ಮರುದಿನ ಬೆಳಿಗ್ಗೆ 80, ಆಕ್ಸಿಮೀಟರ್ 86. ಇಲ್ಲೇ ಹಲವರು ಗಾಬರಿಯಾಗುವುದು. ಒಗ್ಗುವ ಕೆಲಸ ಗಂಟೆಗಳಲ್ಲಿ ಮುಗಿಯುವಂಥದ್ದಲ್ಲ. ನಿದ್ದೆಯಲ್ಲಿ ಉಸಿರು ಒಮ್ಮೆ ಜೋರಾಗಿ ಒಮ್ಮೆ ನಿಂತಂತಾಗಿ ಓಲಾಡುವುದರಿಂದ ಮೊದಲ ರಾತ್ರಿ ಆಮ್ಲಜನಕ ಇನ್ನಷ್ಟು ಕುಸಿಯುತ್ತದೆ. ಮೂರನೇ ಬೆಳಿಗ್ಗೆ 76 ಮತ್ತು 88, ನಾಲ್ಕನೆಯದಕ್ಕೆ 71 ಮತ್ತು 90 ಬಂದರೆ ಸರಿದಾರಿ. 62ಕ್ಕೆ ಮರಳಲೆಂದು ಕಾಯಬೇಡಿ. ಮೊದಲ ದಿನಗಳಲ್ಲಿ ಮೂತ್ರ ಜಾಸ್ತಿ ಹೋಗಿ ರಕ್ತದ ನೀರಿನಂಶ ಇಳಿಯುತ್ತದೆ, ಒಂದೊಂದು ಬಡಿತಕ್ಕೆ ಹೃದಯ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ. ಹಾಗಾಗಿ ಆಕ್ಸಿಮೀಟರ್ ಸುಧಾರಿಸಿದ ಮೇಲೂ ನಾಡಿ ಊರಿಗಿಂತ ತುಸು ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ 4000 ಮೀಟರಿನ ಕ್ಯಾಂಪಿಗೆ ಹೋದ ಮರುದಿನ ಮತ್ತೆ 77 ಆಗಬಹುದು. ಹೊಸ ಎತ್ತರಕ್ಕೆ ಹೊಸ ಲೆಕ್ಕ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸದೆ, ಮೂರು ನಾಲ್ಕು ದಿನಕ್ಕೊಂದು ದಿನ ಅದೇ ಜಾಗದಲ್ಲಿ ಉಳಿಯುವುದು ಇದಕ್ಕೇ.

ಆಕ್ಸಿಮೀಟರ್ ನಂಬುವ ಮುನ್ನ ಬೆರಳು ಬೆಚ್ಚಗಿದೆಯೇ ನೋಡಿ. ಹೊರಗಿನಿಂದ ಬಂದ ತಣ್ಣನೆ ಬೆರಳಿಗೆ ಸಿಕ್ಕಿಸಿದರೆ 72 ಅಂತಲೂ ತೋರಿಸೀತು. ಕೈಯನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ, ಉಗುರುಬಣ್ಣ ಇಲ್ಲದ ಬೆರಳಿಗೆ ಹಾಕಿ, ಅಂಕಿ ಒಂದು ನಿಮಿಷ ಅಲುಗಾಡದೆ ನಿಂತ ಮೇಲೆ ಬರೆದುಕೊಳ್ಳಬೇಕು. ಅದು ತೋರಿಸುವ ನಾಡಿಗೂ ನೀವು ಎಣಿಸಿದ ನಾಡಿಗೂ ತಾಳೆಯಾಗದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ. ಮಣಿಕಟ್ಟಿನ ವಾಚಿನದ್ದೂ ಚಳಿಯಲ್ಲಿ ಇದೇ ಗೋಳು. ನಡೆಯುವಾಗಲಂತೂ ಅದು ಕೆಲವೊಮ್ಮೆ ನಾಡಿಯ ಬದಲು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ.

ಬೆಳಗಿನ ನಾಡಿ ಏರಲು ಬೇರೆ ಕಾರಣಗಳೂ ಇವೆ: ನೀರು ಕುಡಿಯದಿರುವುದು, ಜ್ವರ, ಹಿಂದಿನ ರಾತ್ರಿಯ ಮದ್ಯ. ಕಾಫಿಯ ವಿಷಯ ನಮ್ಮ ಕಡೆಯವರಿಗೆ ಬೇರೆಯಾಗಿಯೇ ಹೇಳಬೇಕು. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಳ್ಳೆಯದೆಂದು ಅಲ್ಲಿ ಒಮ್ಮೆಲೇ ಬಿಟ್ಟರೆ ಮರುದಿನ ತಲೆ ಸಿಡಿಯುತ್ತದೆ. ಅದು ಎತ್ತರದ ತಲೆನೋವೋ ಕಾಫಿಯ ತಲೆನೋವೋ ಹೇಳಲಾಗದು. ಪುಡಿ ಒಯ್ದು, ಎಂದಿನಂತೆ ಕುಡಿಯಿರಿ.

ನಡೆಯುವಾಗ ನಾನು ನಾಡಿಯ ಅಂಕಿಗೆ ಕಟ್ಟುಬೀಳುವುದಿಲ್ಲ. ಎತ್ತರದಲ್ಲಿ ಕೂತಾಗಿನ ಬಡಿತ ಏರುತ್ತದೆ, ಗರಿಷ್ಠ ಬಡಿತ ಇಳಿಯುತ್ತದೆ. ಊರಿನಲ್ಲಿ 62ರಿಂದ 180ರವರೆಗೆ ಜಾಗವಿದ್ದವರಿಗೆ ಅಲ್ಲಿ 78ರಿಂದ 170ರವರೆಗೆ ಮಾತ್ರ ಎಂದಿಟ್ಟುಕೊಳ್ಳಿ. ಎರಡೂ ತುದಿ ಕತ್ತರಿಸಿ ಹೋಗಿವೆ. ಕೊಡಚಾದ್ರಿಯಲ್ಲಿ ಆರಾಮ ಅನ್ನಿಸಿದ 140 ಅಲ್ಲಿ ಸುಸ್ತು ಹೊಡೆಸುತ್ತದೆ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯವನ್ನು ಉಸಿರು ತುಂಡಾಗದೆ ಆಡಲು ಬರುವಷ್ಟೇ ವೇಗ ಸಾಕು.

ನಾಡಿಯೊಂದರಿಂದಲೇ ಎತ್ತರದ ಕಾಯಿಲೆ ಇದೆ, ಇಲ್ಲ ಎನ್ನಲು ಬರುವುದಿಲ್ಲ. 90 ಇದ್ದೂ ಗೆಲುವಾಗಿರುವವರುಂಟು, 72 ಇದ್ದೂ ತಲೆನೋವು, ವಾಂತಿ ಶುರುವಾದವರುಂಟು. ಮೊದಲ ಮಾತು ಲಕ್ಷಣದ್ದು: ತಲೆನೋವಿನ ಜೊತೆ ವಾಕರಿಕೆ, ವಿಪರೀತ ಸುಸ್ತು ಅಥವಾ ತಲೆಸುತ್ತು ಇದ್ದರೆ ಅಂಕಿ ಏನೇ ಇರಲಿ, ಅಂದು ಮೇಲೇರಬಾರದು. ನಾಡಿ ನಿಜವಾಗಿ ಉಪಯೋಗಕ್ಕೆ ಬರುವುದು ಶ್ವಾಸಕೋಶಕ್ಕೆ ನೀರು ತುಂಬುವಾಗ. ಹೊಸ ಎತ್ತರಕ್ಕೆ ಹೋದ ಎರಡರಿಂದ ನಾಲ್ಕನೇ ರಾತ್ರಿಯೊಳಗೆ ಸಾಮಾನ್ಯವಾಗಿ ಇದು ಕಾಣಿಸಿಕೊಳ್ಳುತ್ತದೆ. ಹಿಂದಿನ ದಿನ 82 ಇದ್ದ ನಾಡಿ ಇಳಿಯುವ ಬದಲು 104ಕ್ಕೆ ಏರಿದೆ, ಕಾಲು ಗಂಟೆ ಸುಮ್ಮನೆ ಮಲಗಿದರೂ ಇಳಿಯದು, ಅದೇ ಟೆಂಟಿನವರ ಆಕ್ಸಿಮೀಟರ್ 87 ಇದ್ದರೆ ಇವರದ್ದು 74, ಒಣಕೆಮ್ಮು, ಕೂತಲ್ಲೇ ಏದುಸಿರು. ಇಷ್ಟು ಕಂಡರೆ ಬೆಳಕಾಗಲೆಂದು ಕಾಯುವಂತಿಲ್ಲ. ಆಮ್ಲಜನಕ ಇದ್ದರೆ ಕೊಟ್ಟು, ಕನಿಷ್ಠ 1000 ಮೀಟರ್ ಅಥವಾ ಉಸಿರು ಸರಿಹೋಗುವವರೆಗೆ, ಹೊರೆ ಹೊರಿಸದೆ, ಸಾಧ್ಯವಾದರೆ ನಡೆಸದೆ ಕೆಳಗಿಳಿಸಬೇಕು.

ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ನುಂಗುವವರಿಗೆ ಈ ಎಣಿಕೆ ಸಲ್ಲದು. ಆ ಮಾತ್ರೆಯ ಕೆಲಸವೇ ಬಡಿತ ಏರದಂತೆ ಹಿಡಿಯುವುದು, ಆಮ್ಲಜನಕ ಕುಸಿದಾಗಲೂ ನಾಡಿ 68ರಲ್ಲೇ ಇರಬಹುದು. ಅಂಥವರು ಹೊರಡುವ ಮುನ್ನ ತಮ್ಮ ಡಾಕ್ಟರ ಹತ್ತಿರ ಮಾತಾಡಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಅಲ್ಲಿ ಅವರ ಉಸಿರಾಟವನ್ನು ನಿಮಿಷಕ್ಕೆ ಎಷ್ಟೆಂದು ಎಣಿಸಿ, ಆಕ್ಸಿಮೀಟರ್ ಜೊತೆ ಇಟ್ಟು ನೋಡುತ್ತೇನೆ.