ಭುಜ ನೋಯುತ್ತಿದೆಯೇ? ಬೆಂಚ್ ಬಿಡುವ ಮುನ್ನ ಹಿಡಿತ ಬದಲಿಸಿ

ಸೋಮವಾರ ಸಂಜೆ ಯಾವ ಜಿಮ್‌ಗೆ ಹೋದರೂ ಬೆಂಚ್ ಪ್ರೆಸ್‌ಗೆ ಸರದಿ ಇರುತ್ತದೆ. ಸೆಟ್ ಮುಗಿಸಿ ಎದ್ದವರಲ್ಲಿ ಒಬ್ಬಿಬ್ಬರು ಭುಜ ತಿಕ್ಕಿಕೊಳ್ಳುತ್ತಲೇ ಪಕ್ಕಕ್ಕೆ ಸರಿಯುತ್ತಾರೆ. ಅವರಲ್ಲಿ ಕೆಲವರು ಮುಲಾಮು ಹಚ್ಚಿಕೊಂಡು ಮುಂದಿನ ವಾರವೂ ಅದೇ ತೂಕ ಎತ್ತುತ್ತಾರೆ. ಇನ್ನು ಕೆಲವರು ಎದೆಯ ವ್ಯಾಯಾಮವನ್ನೇ ಕೈಬಿಟ್ಟು, ಮೂರು ತಿಂಗಳ ನಂತರ ಬಂದು ಮತ್ತೆ ಅದೇ ರೀತಿ ಹಿಡಿದು ಅದೇ ನೋವಿಗೆ ಮರಳುತ್ತಾರೆ. ಆದರೆ ಹೆಚ್ಚಿನವರ ಭುಜಕ್ಕೆ ಒತ್ತುವುದೇ ಆಗದು ಎಂದೇನಿಲ್ಲ. ಒಂದು ಅಗಲದಲ್ಲಿ, ಒಂದು ಆಳದಲ್ಲಿ ಮಾತ್ರ ಆಗದು. ಅದು ಯಾವುದು ಎಂದು ಹುಡುಕುವುದೇ ಇಲ್ಲಿನ ಕೆಲಸ.

ಮೊದಲೇ ಒಂದು ಮಾತು. ರಾತ್ರಿ ನಿದ್ದೆ ಕೆಡಿಸುವ ನೋವು, ಕೈಗೆ ಇಳಿಯುವ ಜೋಮು, ಕೀಲು ಜಾರಿದ ಅನುಭವ, ಎಳೆತವಾದ ಮೇಲೆ ತೋಳು ಎತ್ತಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಮೂಳೆ ವೈದ್ಯರ ಬಳಿ ಹೋಗಿ. ಸಕ್ಕರೆ ಕಾಯಿಲೆ ಇದ್ದು, ಮೊಣಕೈ ಪಕ್ಕೆಗೆ ಒತ್ತಿಟ್ಟುಕೊಂಡು ಮುಂಗೈ ಹೊರಕ್ಕೆ ತಿರುಗಿಸಲು ಆಗದಿದ್ದರೂ ಅಷ್ಟೆ. ಅದು ಫ್ರೋಜನ್ ಶೋಲ್ಡರ್ ಆಗಿರಬಹುದು, ಹಿಡಿತ ಬದಲಿಸಿದರೆ ಹೋಗುವಂಥದ್ದಲ್ಲ.

ನೋವಿನ ಜಾಗಕ್ಕೆ ಒಂದೇ ಬೆರಳು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಯಸ್ಸು 34, ದೇಹತೂಕ 78 ಕೆ.ಜಿ., ಬೆಂಚ್‌ನಲ್ಲಿ 70 ಕೆ.ಜಿ.ಗೆ 8 ರೆಪ್. ಬಾರ್ ಎದೆಗೆ ನಾಲ್ಕು ಬೆರಳು ದೂರ ಇರುವಾಗ ಬಲಭುಜದ ಮುಂಭಾಗ ಚುಚ್ಚುತ್ತದೆ, ಮೇಲೆ ಬಂದರೆ ಮಾಯ.

ಇಲ್ಲಿ ನೋವು ಇರುವ ಜಾಗವೂ ತಿಳಿದಿದೆ, ಬರುವ ಗಳಿಗೆಯೂ ತಿಳಿದಿದೆ. ನೀವೂ ಒಂದು ಬೆರಳಿಟ್ಟು ನೋಡಿ. ಭುಜದ ಮುಂದೆ ನೋವಿದ್ದು ಕೆಳಗೆ ಇಳಿಸಿದಾಗ ಬಂದರೆ ಆಳ ಮತ್ತು ಮೊಣಕೈ ಕಡೆ ಅನುಮಾನ ಪಡಿ. ಭುಜದ ನೆತ್ತಿಯಲ್ಲಿ, ಕೊರಳೆಲುಬಿನ ತುದಿಯಲ್ಲಿದ್ದು, ಕೈಯನ್ನು ಎದುರು ಭುಜಕ್ಕೆ ಒತ್ತಿ ಹಿಡಿದಾಗ ಹೆಚ್ಚಾದರೆ ಅಗಲ ಹಿಡಿತವೂ ಡಿಪ್ಸ್ ಕೂಡ ಅದಕ್ಕೆ ಆಗದು. ತೋಳು ಪಕ್ಕದಿಂದ ಎತ್ತುವಾಗ ಅರ್ಧದಲ್ಲಿ ಹಿಡಿದು, ಪೂರ್ತಿ ಮೇಲೆ ಹೋದರೆ ಬಿಡುವಂತಿದ್ದರೆ ತಲೆಯ ಮೇಲೆ ಒತ್ತುವ ವ್ಯಾಯಾಮಗಳತ್ತ ನೋಡಿ. ಇದು ರೋಗನಿರ್ಣಯವಲ್ಲ, ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಸುಳಿವು.

ಪರೀಕ್ಷೆಗೆ ಅರ್ಧ ತೂಕ ಸಾಕು. 70 ಎತ್ತುವವರಿಗೆ 35, ಅಂದರೆ 20 ಕೆ.ಜಿ. ಬಾರ್‌ಗೆ ಎರಡೂ ಕಡೆ ಏಳೂವರೆ. (ಎಲ್ಲ ಜಿಮ್‌ನ ಬಾರ್ 20 ಕೆ.ಜಿ. ಇರುವುದಿಲ್ಲ, ಒಮ್ಮೆ ತೂಕಯಂತ್ರದ ಮೇಲಿಟ್ಟು ನೋಡಿ.) ಒಂದು ಸಲಕ್ಕೆ ಒಂದನ್ನೇ ಬದಲಿಸಿ 8 ರೆಪ್ ಮಾಡಿ. ಅಗಲ, ಆಳ, ಬೆಂಚ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ನೋವು ಇಳಿಯಿತೆಂದು ಗೊತ್ತಾಗುವುದಿಲ್ಲ. ಹತ್ತಕ್ಕೆ ಎರಡು ಮೂರರಷ್ಟು ನೋವು, ಅದೂ ಮರುದಿನ ಬೆಳಿಗ್ಗೆ ಹೊತ್ತಿಗೆ ಇಳಿದಿದ್ದರೆ ಮುಂದುವರಿಯಬಹುದು. ಹಲ್ಲುಜ್ಜುವಾಗಲೂ ನೆನಪಾದರೆ ಹಿಂದಿನ ದಿನ ಅತಿಯಾಯಿತು ಎಂದು ತಿಳಿಯಿರಿ.

ಬಾರ್ ಹಿಡಿಯುವುದು: ಹೆಚ್ಚಿನವರು ಎಡವುವುದು ಇಲ್ಲೇ

ಬಾರ್ ಮೇಲಿನ ಗೆರೆ ನೋಡಿ ಹಿಡಿಯುವ ಅಭ್ಯಾಸ ಬಿಡಿ. ಪವರ್‌ಲಿಫ್ಟಿಂಗ್ ಬಾರ್‌ನಲ್ಲಿ ಆ ಎರಡು ಗೆರೆಗಳ ನಡುವೆ 81 ಸೆಂ.ಮೀ. ಇರುತ್ತದೆ, ವೇಟ್‌ಲಿಫ್ಟಿಂಗ್ ಬಾರ್‌ನಲ್ಲಿ 91. ಗೆರೆ ಯಾವುದೆಂದು ತಿಳಿಯದೆ ತೋರುಬೆರಳಿಟ್ಟರೆ ಹಿಡಿತ ಭುಜದ ಎರಡು ಪಟ್ಟು ಅಗಲವಾಗಿಬಿಡುತ್ತದೆ. ಅಷ್ಟು ಅಗಲಕ್ಕೆ ಮೊಣಕೈಗಳು ರೆಕ್ಕೆಯಂತೆ ಬಿಚ್ಚಿಕೊಳ್ಳುತ್ತವೆ, ಕೆಳಗೆ ಬಂದಾಗ ತೋಳಿನ ಮೂಳೆಯ ತಲೆ ಕೀಲಿನ ಮುಂಗಡೆಗೆ ಒತ್ತುತ್ತದೆ. ಚುಚ್ಚುವುದು ಅಲ್ಲಿಯೇ.

ದರ್ಜಿಯ ಟೇಪ್ ತಂದು ಭುಜದ ಮೂಳೆಯ ಒಂದು ತುದಿಯಿಂದ ಇನ್ನೊಂದಕ್ಕೆ ಅಳೆಯಿರಿ. 40 ಸೆಂ.ಮೀ. ಬಂದರೆ ಎರಡೂ ತೋರುಬೆರಳುಗಳ ನಡುವೆ 60 ಇಟ್ಟುಕೊಳ್ಳಿ, ಅಂದರೆ ಒಂದೂವರೆ ಪಟ್ಟು. 81ರ ಗೆರೆ ಇರುವ ಬಾರ್‌ನಲ್ಲಿ ಇದು ಪ್ರತಿ ಗೆರೆಯಿಂದ ಸುಮಾರು ಒಂದು ಅಂಗೈ ಅಗಲ ಒಳಕ್ಕೆ ಬರುತ್ತದೆ. ಇನ್ನೂ ಒಳಕ್ಕೆ ತಂದರೆ ಭುಜ ಸುಮ್ಮನಿರುತ್ತದೆ, ಆದರೆ ಮಣಿಕಟ್ಟು ಗೊಣಗುತ್ತದೆ, ಕೆಲಸವೂ ಎದೆಗಿಂತ ಟ್ರೈಸೆಪ್ಸ್‌ಗೆ ಹೋಗುತ್ತದೆ.

ಮೊಣಕೈಯನ್ನು ಪಕ್ಕೆಗೆ ಅಂಟಿಸಬೇಡಿ, ಭುಜದ ಮಟ್ಟಕ್ಕೆ ಬಿಚ್ಚಲೂ ಬೇಡಿ. ಪಕ್ಕೆಗೂ ತೋಳಿಗೂ ನಡುವೆ 45ರಿಂದ 60 ಡಿಗ್ರಿ ಇರಲಿ. ಡಿಗ್ರಿ ಲೆಕ್ಕ ಹಾಕುತ್ತಾ ಮಲಗುವ ಬದಲು ಸ್ನೇಹಿತರಿಗೆ ತಲೆಯ ಕಡೆಯಿಂದ ಫೋನಿನಲ್ಲಿ ವಿಡಿಯೊ ಹಿಡಿಯಲು ಹೇಳಿ. ಬಾರ್ ಎದೆ ಮುಟ್ಟಿದಾಗ ಎರಡೂ ಮುಂಗೈಗಳು ಕಂಬದಂತೆ ನೆಟ್ಟಗಿರಬೇಕು. ಹೊರಕ್ಕೆ ವಾಲಿದ್ದರೆ ಹಿಡಿತ ಅಗಲ, ಒಳಕ್ಕೆ ವಾಲಿದ್ದರೆ ಕಿರಿದು. ಬಾರ್ ಮೊಲೆತೊಟ್ಟಿನ ಗೆರೆಗಿಂತ ತುಸು ಕೆಳಗೆ ಇಳಿಯಲಿ, ಮೇಲೇರುವಾಗ ತಲೆಯ ಕಡೆಗೆ ವಾಲುತ್ತಾ ಭುಜದ ನೇರಕ್ಕೆ ಬಂದು ನಿಲ್ಲಲಿ. ಕೊರಳೆಲುಬಿನ ಹತ್ತಿರ ಇಳಿಸಿದರೆ ಮೇಲೆದೆ ಬೆಳೆಯುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ನೋಯುವ ಭುಜಕ್ಕೆ ಅದಕ್ಕಿಂತ ಕೆಟ್ಟ ಜಾಗವಿಲ್ಲ.

ಇನ್ನು ಯಾರೂ ಗಮನಿಸದ ಸಂಗತಿ, ರ‍್ಯಾಕ್‌ನ ಎತ್ತರ. ಮಲಗುವಾಗ ಬೆನ್ನಿನ ರೆಕ್ಕೆಮೂಳೆಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಬೆಂಚಿಗೆ ಒರಗಿಸುತ್ತೀರಿ, ಸರಿ. ಕೊಕ್ಕೆ ತೀರಾ ಮೇಲಿದ್ದರೆ ಬಾರ್ ತೆಗೆಯಲು ಭುಜವನ್ನೇ ಮೇಲಕ್ಕೆ ಚಾಚಬೇಕಾಗುತ್ತದೆ, ಒರಗಿಸಿದ್ದೆಲ್ಲ ಅಲ್ಲಿಗೆ ಬಿಚ್ಚಿಹೋಯಿತು. ಮೊದಲ ರೆಪ್‌ಗೆ ಮೊದಲೇ ಭುಜ ಮುಂದಕ್ಕೆ ಉರುಳಿರುತ್ತದೆ. ಮೊಣಕೈ ತುಸು ಬಾಗಿದ್ದಾಗಲೇ ಬಾರ್ ಕೈಗೆ ಸಿಗಬೇಕು, ಮೂರು ನಾಲ್ಕು ಸೆಂ.ಮೀ. ಎತ್ತಿದರೆ ಕೊಕ್ಕೆಯಿಂದ ಹೊರಬರಬೇಕು. ಕೊಕ್ಕೆ ಬದಲಿಸಲಾಗದ ಬೆಂಚ್ ಆದರೆ ಪಕ್ಕದವರನ್ನು ಕರೆದು ಬಾರ್ ಎತ್ತಿಕೊಡಲು ಹೇಳಿ, ನಾಚಿಕೆ ಬೇಡ.

ಇಷ್ಟಾದರೂ ಕೊನೆಯ ನಾಲ್ಕು ಬೆರಳಲ್ಲಿ ಚುಚ್ಚಿದರೆ ಆ ನಾಲ್ಕು ಬೆರಳನ್ನು ಸದ್ಯಕ್ಕೆ ಬಿಟ್ಟುಬಿಡಿ. ದಪ್ಪ ಸ್ನಾನದ ಟವೆಲನ್ನು ಸುರುಳಿ ಸುತ್ತಿ ಬನಿಯನ್ ಒಳಗೆ ಎದೆಯ ಮೇಲಿಟ್ಟುಕೊಳ್ಳಿ, ಬಾರ್ ಅದಕ್ಕೆ ತಾಗಿದರೆ ಸಾಕು. ನೋವಿಲ್ಲದೆ ಒಂದು ವಾರ ಕಳೆದರೆ ಟವೆಲಿನ ಒಂದು ಸುತ್ತು ಕಡಿಮೆ ಮಾಡಿ. ಟವೆಲ್ ಹಿಂಸೆ ಎನಿಸಿದವರು ನೆಲದ ಮೇಲೆ ಮಲಗಿ ಡಂಬೆಲ್ ಒತ್ತಬಹುದು. ತೋಳು ನೆಲಕ್ಕೆ ತಾಗಿದಲ್ಲಿಗೆ ಇಳಿತ ತಾನಾಗಿ ನಿಲ್ಲುತ್ತದೆ. ಮೊಣಕೈ ನೆಲಕ್ಕೆ ಅಪ್ಪಳಿಸದಂತೆ ನಿಧಾನ ಇಳಿಸಿ.

ಬಾರ್ ಒಗ್ಗದಿದ್ದರೆ ಡಂಬೆಲ್

ಬಾರ್ ಎರಡೂ ಕೈಗಳನ್ನು ಒಂದೇ ತಿರುವಿನಲ್ಲಿ ಕಟ್ಟಿಹಾಕುತ್ತದೆ. ಡಂಬೆಲ್‌ನಲ್ಲಿ ಅಂಗೈಗಳು ಎದುರುಬದುರಾಗುವಂತೆ ಹಿಡಿದರೆ ಮೊಣಕೈ ತಾನೇ ಒಳಕ್ಕೆ ಬರುತ್ತದೆ. ಎದೆಗೆ ಸ್ವಲ್ಪ ಹೆಚ್ಚು ಕೆಲಸ ಬೇಕೆಂದರೆ ಅಂಗೈಗಳನ್ನು ಪೂರ್ತಿ ಎದುರುಬದುರು ಮಾಡದೆ ಅರ್ಧ ತಿರುವಿನಲ್ಲಿ, ಎರಡು ಡಂಬೆಲ್ ಸೇರಿ ಕೌಲಿನ ಇಳಿಜಾರಿನಂತೆ ಕಾಣುವ ಹಾಗೆ ಹಿಡಿಯಿರಿ. ಇದೇ ನಮ್ಮ ಮೊದಲ ಆಯ್ಕೆ. ಬೆಂಚನ್ನು 15ರಿಂದ 30 ಡಿಗ್ರಿ ಎತ್ತಿದರೆ ಮೇಲೆದೆಗೂ ಪಾಲು ಸಿಗುತ್ತದೆ. ಹೆಚ್ಚಿನ ಬೆಂಚ್‌ಗಳಲ್ಲಿ ಅದು ಮೊದಲ ಅಥವಾ ಎರಡನೇ ತೂತು. 45 ದಾಟಿದರೆ ಅದು ಎದೆಗಿಂತ ಭುಜದ ವ್ಯಾಯಾಮ.

ಡಂಬೆಲ್‌ನಲ್ಲಿ ಭುಜ ಕೆಡುವುದು ಒತ್ತುವಾಗ ಕಡಿಮೆ, ಎತ್ತಿಕೊಳ್ಳುವಾಗ ಮತ್ತು ಇಡುವಾಗ ಜಾಸ್ತಿ. ಕೂತು ಡಂಬೆಲ್‌ಗಳನ್ನು ತೊಡೆಯ ಮೇಲೆ ನಿಲ್ಲಿಸಿ, ಮಂಡಿಯಿಂದ ಒದ್ದುಕೊಂಡು ಹಿಂದಕ್ಕೆ ಒರಗಿ. ಮುಗಿದಾಗ ಮಂಡಿ ಮಡಚಿ ಮೇಲೆ ತಂದು, ಡಂಬೆಲ್‌ಗಳನ್ನು ತೊಡೆಗೆ ಕೊಟ್ಟು ಎದ್ದು ಕೂರಿ. ಮಲಗಿದಂತೆಯೇ ಎರಡೂ ಪಕ್ಕಕ್ಕೆ ಚೆಲ್ಲುವವರು ಅಲ್ಲಿಯವರೆಗೆ ಕಾಪಾಡಿಕೊಂಡದ್ದನ್ನು ಆ ಒಂದು ಗಳಿಗೆಯಲ್ಲಿ ಕಳೆಯುತ್ತಾರೆ.

ಪುಷ್‌ಅಪ್ ಅನ್ನು ಹೊಸಬರ ವ್ಯಾಯಾಮ ಎಂದು ತಳ್ಳಿಹಾಕಬೇಡಿ. ಬೆಂಚ್ ರೆಕ್ಕೆಮೂಳೆಗಳನ್ನು ಒತ್ತಿ ಹಿಡಿಯುತ್ತದೆ, ಪುಷ್‌ಅಪ್‌ನಲ್ಲಿ ಅವು ತೋಳಿನ ಜೊತೆ ಸರಿದಾಡುತ್ತವೆ. ಅನೇಕ ಭುಜಗಳಿಗೆ ಬೇಕಾದದ್ದು ಅಷ್ಟೆ. 78 ಕೆ.ಜಿ.ಯವರ ಕೈಗಳ ಮೇಲೆ ಸುಮಾರು 50 ಕೆ.ಜಿ. ಬೀಳುತ್ತದೆ, ಬೆನ್ನಿಗೆ 10 ಕೆ.ಜಿ. ಬ್ಯಾಗ್ ಹಾಕಿದರೆ ಇನ್ನಷ್ಟು. ಉರುಳದ ಷಟ್ಕೋನ ಡಂಬೆಲ್‌ಗಳನ್ನು ಹಿಡಿಯಾಗಿ ಬಳಸಿ. ಬಣ್ಣಬಣ್ಣದ ತೂತುಗಳಿರುವ ಮಡಚುವ ಪುಷ್‌ಅಪ್ ಹಲಗೆಗಳನ್ನು ಮಾತ್ರ ಕೊಳ್ಳಬೇಡಿ. ಕೈ ಎಲ್ಲಿಡಬೇಕೆಂದು ನಿರ್ಧರಿಸುವುದು ಹಲಗೆ, ನೋಯುವುದು ನಿಮ್ಮ ಭುಜ.

ಭುಜದ ಪಾಲು

ತಲೆಯ ಮೇಲೆ ಒತ್ತುವ ಮುನ್ನ ಗೋಡೆಗೆ ಬೆನ್ನು, ಸೊಂಟ ತಾಗಿಸಿ ನಿಂತು ಕೈ ನೇರ ಮೇಲೆತ್ತಿ. ಹೆಬ್ಬೆರಳು ಗೋಡೆ ಮುಟ್ಟುವ ಮೊದಲೇ ಸೊಂಟ ಬಿಲ್ಲಾಗಿ ಬಾಗಿದರೆ ನಿಮಗೆ ಸದ್ಯಕ್ಕೆ ನೇರ ಪ್ರೆಸ್ ಬೇಡ. ಬಾರ್‌ನ ಒಂದು ತುದಿಗೆ ಟವೆಲ್ ಸುತ್ತಿ ಗೋಡೆಯ ಮೂಲೆಗೆ ಊರಿ, ಇನ್ನೊಂದು ತುದಿಯನ್ನು ಒಂದು ಮಂಡಿ ಊರಿ ಒಂದೇ ಕೈಯಿಂದ ಮುಂದಕ್ಕೂ ಮೇಲಕ್ಕೂ ಒತ್ತಿ. ಲ್ಯಾಂಡ್‌ಮೈನ್ ಪ್ರೆಸ್ ಎನ್ನುವುದು ಇದನ್ನೇ. ಕೈ ತಲೆಯ ಮೇಲೆ ನೆಟ್ಟಗೆ ಹೋಗುವುದಿಲ್ಲ, ಆದರೂ ಮುಂಭುಜ ಚೆನ್ನಾಗಿ ದಣಿಯುತ್ತದೆ. ಪರೀಕ್ಷೆ ಪಾಸಾದವರು ಡಂಬೆಲ್ ಹಿಡಿದು, ಮೊಣಕೈಗಳನ್ನು ನೇರ ಪಕ್ಕಕ್ಕಲ್ಲದೆ ತುಸು ಮುಂದಕ್ಕೆ ಇಟ್ಟು ಒತ್ತಿ. ಕತ್ತಿನ ಹಿಂದೆ ಬಾರ್ ಇಳಿಸುವುದು, ಬೆಂಚ್‌ಗೆ ಕೈಯೂರಿ ಹಿಂಬದಿ ಡಿಪ್ಸ್, ಬಾರನ್ನು ಗಲ್ಲದವರೆಗೆ ಎಳೆಯುವುದು, ಈ ಮೂರನ್ನೂ ಪಟ್ಟಿಯಿಂದ ಹೊಡೆದುಹಾಕಿ.

ಭುಜದ ಅಗಲ ಬರುವುದು ಪಕ್ಕದ ಸ್ನಾಯುವಿನಿಂದ, ಅದಕ್ಕೆ ಲ್ಯಾಟರಲ್ ರೈಸ್ ಸಾಕು. ಜಗ್ಗಿನಿಂದ ನೀರು ಸುರಿಯುವಂತೆ ಕಿರುಬೆರಳು ಮೇಲೆ ಮಾಡಿ ಎಂದು ತರಬೇತುದಾರರು ಹೇಳುವುದುಂಟು. ಹಾಗೆ ಮಾಡಿದರೆ ತೋಳು ಒಳಕ್ಕೆ ತಿರುಗಿ ಕೀಲಿನೊಳಗಿನ ಜಾಗ ಇಕ್ಕಟ್ಟಾಗುತ್ತದೆ. ಹೆಬ್ಬೆರಳು ತುಸು ಮೇಲಿರಲಿ, ಕೈ ಪಕ್ಕಕ್ಕಿಂತ ಸ್ವಲ್ಪ ಮುಂದೆ ಬರಲಿ, ಭುಜದ ಮಟ್ಟಕ್ಕೆ ನಿಲ್ಲಿಸಿ.

ನಮ್ಮ ಉದಾಹರಣೆಯವರ ವಾರ

ಸೋಮವಾರ ಅರ್ಧ ತಿರುವಿನ ಡಂಬೆಲ್ ಪ್ರೆಸ್, ಒಂದೊಂದು ಕೈಗೆ ಹದಿನೇಳೂವರೆ ಕೆ.ಜಿ., 12ರಂತೆ 3 ಸೆಟ್. ನಂತರ ಬ್ಯಾಗ್ ಹಾಕಿ ಪುಷ್‌ಅಪ್ 3 ಸೆಟ್, ಲ್ಯಾಟರಲ್ ರೈಸ್ 3 ಸೆಟ್. ಗುರುವಾರ ಟವೆಲ್ ಇಟ್ಟು 60 ಸೆಂ.ಮೀ. ಹಿಡಿತದ ಬೆಂಚ್, 45 ಕೆ.ಜಿ.ಗೆ 10ರಂತೆ 4 ಸೆಟ್, ಬಳಿಕ ಲ್ಯಾಂಡ್‌ಮೈನ್ 3 ಸೆಟ್. ಎದೆಗೆ ವಾರಕ್ಕೆ 10 ಸೆಟ್ ಆಯಿತು. ಅಷ್ಟೇ ಸೆಟ್ ಎಳೆಯುವ ವ್ಯಾಯಾಮವೂ, ಅಂದರೆ ರೋಯಿಂಗ್, ಇರಲಿ.

70 ಎತ್ತುತ್ತಿದ್ದವರಿಗೆ ಇದು ಹಗುರ ಎನಿಸಬಹುದು. ಸ್ನಾಯುವಿಗೆ ಬೇಕಾದದ್ದು ಶ್ರಮ. 8 ರೆಪ್‌ನ ಜಾಗದಲ್ಲಿ 15 ಮಾಡಿದರೂ, ಇನ್ನು ಒಂದೆರಡೇ ರೆಪ್ ಸಾಧ್ಯ ಎನ್ನುವಷ್ಟು ದಣಿದರೆ ಅದು ಬೆಳೆಯುತ್ತದೆ. ಮೊದಲ ವಾರ ಮಾತ್ರ ಮೂರ್ನಾಲ್ಕು ರೆಪ್ ಬಾಕಿ ಇಡಿ. ಎಲ್ಲ ಸೆಟ್‌ನಲ್ಲೂ 15 ಮುಟ್ಟಿ, ಮರುದಿನ ಬೆಳಿಗ್ಗೆ ಭುಜ ಸುಮ್ಮನಿದ್ದರೆ ಮುಂದಿನ ಡಂಬೆಲ್‌ಗೆ ಹೋಗಿ. ನೋವಿನ ಮಾತ್ರೆ ನುಂಗಿ ಬೆಂಚ್‌ಗೆ ಹೋಗುವ ಅಡ್ಡದಾರಿ ಬೇಡ, ಯಾವ ಸೆಟ್ ಅತಿಯಾಯಿತೆಂದು ಹೇಳುವ ಗಂಟೆಯನ್ನೇ ಅದು ಮುಚ್ಚಿಬಿಡುತ್ತದೆ. ಎಲಾಸ್ಟಿಕ್ ಭುಜಪಟ್ಟಿ ಬೆಚ್ಚಗಿಡುತ್ತದೆಯೇ ಹೊರತು ತೂಕ ಹೊರುವುದಿಲ್ಲ.

ಟವೆಲ್ ಪೂರ್ತಿ ಹೋಗಿ, 50 ಕೆ.ಜಿ. ಬಾರ್ ಎದೆ ಮುಟ್ಟಿಯೂ ಎರಡು ವಾರ ಚುಚ್ಚದಿದ್ದರೆ ವಾರಕ್ಕೆ ಎರಡೂವರೆ ಕೆ.ಜಿ.ಯಂತೆ ಏರಿಸಿ. ಹಿಡಿತ ಮಾತ್ರ 60 ಸೆಂ.ಮೀ.ನಲ್ಲೇ ಇರಲಿ. ಬಾರ್‌ಗೆ ಆ ಅಳತೆಯಲ್ಲಿ ಎರಡು ತುಂಡು ಟೇಪ್ ಅಂಟಿಸಿಕೊಂಡರೆ ಪ್ರತಿ ಸಲ ಅಳೆಯುವ ಕೆಲಸ ತಪ್ಪುತ್ತದೆ, ಜಿಮ್‌ನವರು ಕಿತ್ತುಹಾಕದಿದ್ದರೆ.