ಆರ್‌ಡಿ ಪಾಸ್‌ಬುಕ್ಕಿನಲ್ಲಿ ಕಾಣದೆ ಉಳಿದಿದ್ದ ಒಂದು ಕಂತು

ಮನೆಯವರ ಅಂಚೆ ಕಚೇರಿ ಆರ್‌ಡಿ ಪಾಸ್‌ಬುಕ್ಕುಗಳನ್ನು ಹಲವು ವರ್ಷಗಳಿಂದ ನಾನೇ ಪರಿಶೀಲಿಸುತ್ತಿದ್ದೇನೆ. ತಿಂಗಳಿಗೊಂದು ಜಮೆ ಬಿದ್ದಿದೆಯೇ ಎಂದು ನೋಡಿದರೆ ಸಾಲದು, ಪ್ರತಿ ಜಮೆಯೂ ಯಾವ ತಿಂಗಳ ಕಂತಿಗೆ ಸಂದಿದೆ ಎಂಬುದನ್ನೂ ನೋಡಬೇಕು ಎಂಬುದು ನನಗೆ ಸ್ಪಷ್ಟವಾದದ್ದು ಚಿಕ್ಕಮ್ಮನ ಖಾತೆಯಿಂದ.

ಆ ಖಾತೆ ತೆರೆದದ್ದು 2021ರ ಜನವರಿ 20ರಂದು, ತಿಂಗಳಿಗೆ 1,000 ರೂಪಾಯಿಯಂತೆ ಐದು ವರ್ಷ, ಒಟ್ಟು 60 ಕಂತು. ಪರಿಶೀಲನೆಗೆ ಕೂತಾಗ ನಾನು ಮೊದಲು ನೋಡುವುದು ಖಾತೆ ತೆರೆದ ಈ ದಿನಾಂಕವನ್ನೇ, ಏಕೆಂದರೆ ಕಂತಿನ ಗಡುವು ಅದನ್ನೇ ಅವಲಂಬಿಸಿದೆ. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳೂ 15ರೊಳಗೆ ಕಟ್ಟಬೇಕು. 15ರ ನಂತರ ತೆರೆದದ್ದಾದರೆ ಆಯಾ ತಿಂಗಳ ಕೊನೆಯ ಕೆಲಸದ ದಿನದವರೆಗೆ ಅವಕಾಶವಿದೆ. ಚಿಕ್ಕಮ್ಮನದು ಎರಡನೆಯ ಬಗೆಯ ಖಾತೆ. ಏಜೆಂಟರ ಮೂಲಕ ಕಟ್ಟುವವರು ಇಲ್ಲಿ ಒಂದು ವಿಷಯ ಗಮನಿಸಬೇಕು: ಲೆಕ್ಕಕ್ಕೆ ಬರುವುದು ನಾವು ಏಜೆಂಟರ ಕೈಗೆ ಹಣ ಕೊಟ್ಟ ದಿನವಲ್ಲ, ಅದು ಖಾತೆಗೆ ಜಮೆಯಾದ ದಿನ. ಆದ್ದರಿಂದ ಏಜೆಂಟರ ಕಾರ್ಡಿನಲ್ಲಿ ಸಹಿ ಇದ್ದರೂ ನಾನು ಪಾಸ್‌ಬುಕ್ಕನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕುತ್ತೇನೆ.

2023ರ ಮಾರ್ಚ್‌ನಲ್ಲಿ ಆ ಪಾಸ್‌ಬುಕ್ಕನ್ನು ತೆರೆದಾಗ ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಂಡಿತು. 2022ರ ಆಗಸ್ಟ್ ಒಂದನ್ನು ಬಿಟ್ಟರೆ ಪ್ರತಿ ತಿಂಗಳೂ ಒಂದೊಂದು ಜಮೆ ಇತ್ತು. ಚಿಕ್ಕಮ್ಮ ಊರಲ್ಲಿಲ್ಲದ ಕಾರಣ ಆಗಸ್ಟ್ ತಪ್ಪಿತ್ತು, ಸೆಪ್ಟೆಂಬರ್‌ನಲ್ಲಿ ದಂಡ ಸೇರಿಸಿ 1,010 ರೂಪಾಯಿ ಕಟ್ಟಿದ್ದರು. ಆದರೆ ಅಕ್ಟೋಬರ್‌ನಲ್ಲೂ 10 ರೂಪಾಯಿ ದಂಡ, ನವೆಂಬರ್‌ನಲ್ಲೂ 10, ಹೀಗೆ ಫೆಬ್ರವರಿಯವರೆಗೆ ಅದು ನಿಂತಿರಲಿಲ್ಲ. ತಪ್ಪಿದ್ದು ಒಂದೇ ಕಂತು, ದಂಡ ಮಾತ್ರ ಆರು ಸಲ ಬಿದ್ದಿತ್ತು.

ಕಾರಣ ನಿಯಮದಲ್ಲೇ ಇದೆ. ಬಾಕಿ ಕಂತು ಇದ್ದರೆ ಮೊದಲು ಅದನ್ನು ದಂಡದೊಡನೆ ತೀರಿಸಬೇಕು, ಆಮೇಲೆ ಚಾಲ್ತಿ ತಿಂಗಳ ಕಂತು. ಸೆಪ್ಟೆಂಬರ್‌ನಲ್ಲಿ ಕಟ್ಟಿದ ಹಣ ಆಗಸ್ಟ್‌ಗೆ ಸಂದಿತು, ಸೆಪ್ಟೆಂಬರ್ ಬಾಕಿ ಉಳಿಯಿತು. ಅಕ್ಟೋಬರ್‌ನಲ್ಲಿ ಕಟ್ಟಿದ್ದು ಸೆಪ್ಟೆಂಬರ್‌ಗೆ ಹೋಯಿತು. ಹೀಗೆ ಪ್ರತಿ ಕಂತೂ ಒಂದು ತಿಂಗಳು ತಡವಾಗಿಯೇ ದಾಖಲಾಗುತ್ತ ಬಂದು, 100 ರೂಪಾಯಿಗೆ ತಿಂಗಳಿಗೆ 1 ರೂಪಾಯಿಯ ಲೆಕ್ಕದಲ್ಲಿ ಪ್ರತಿ ಸಲವೂ 10 ರೂಪಾಯಿ ಸೇರುತ್ತಿತ್ತು. ಇದು ಅಂಚೆ ಕಚೇರಿಯ ತಪ್ಪು ಲೆಕ್ಕವಲ್ಲ. ಖಾತೆ ಒಂದು ಕಂತು ಹಿಂದೆ ಬಿದ್ದಿದೆ ಎಂದು ಚಿಕ್ಕಮ್ಮನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೇ.

ಇದನ್ನು ಪತ್ತೆ ಹಚ್ಚಲು ಎಣಿಕೆಯೊಂದೇ ಸಾಕು. ಖಾತೆ ತೆರೆದ ತಿಂಗಳನ್ನು ಒಂದು ಎಂದು ಹಿಡಿದರೆ 2023ರ ಫೆಬ್ರವರಿ 26ನೆಯ ತಿಂಗಳಾಗುತ್ತದೆ, ಆದ್ದರಿಂದ ಆ ಹೊತ್ತಿಗೆ 26,000 ರೂಪಾಯಿ ಕಂತಿನ ಹಣ ಜಮೆಯಾಗಿರಬೇಕಿತ್ತು. ದಂಡದ ಸಾಲುಗಳನ್ನು ಬಿಟ್ಟು ಕಂತುಗಳನ್ನಷ್ಟೇ ಕೂಡಿಸಿದಾಗ ಸಿಕ್ಕಿದ್ದು 25,000. ದಂಡದ ಹಣ ನಮ್ಮ ಠೇವಣಿಯ ಭಾಗವಲ್ಲ, ಅದಕ್ಕೆ ಬಡ್ಡಿಯೂ ಇಲ್ಲ. ಅದನ್ನು ಸೇರಿಸಿ ಕೂಡಿಸುವವರಿಗೆ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ಮಾರ್ಚ್‌ನಲ್ಲಿ ಫೆಬ್ರವರಿಯ ಬಾಕಿ, ಅದರ ದಂಡ ಮತ್ತು ಮಾರ್ಚ್‌ನ ಕಂತು ಸೇರಿ 2,010 ರೂಪಾಯಿ ಕಟ್ಟಿಸಿದೆ. ಅಲ್ಲಿಗೆ 27 ತಿಂಗಳಿಗೆ 27,000 ಆಯಿತು, ಏಪ್ರಿಲ್‌ನಿಂದ ದಂಡ ನಿಂತಿತು. ಹೀಗೆ ಹಿಂದೆ ಬಿದ್ದ ಖಾತೆಯಲ್ಲಿ ಇನ್ನೂ ಕೆಲವು ಕಂತು ತಪ್ಪಿ ಬಾಕಿ ನಾಲ್ಕಕ್ಕೆ ಮುಟ್ಟಿದರೆ ಖಾತೆಯೇ ಸ್ಥಗಿತವಾಗುತ್ತದೆ, ಮತ್ತೆ ಚಾಲನೆ ಕೊಡಲು ನಾಲ್ಕನೆಯ ತಪ್ಪಿನಿಂದ ಎರಡೇ ತಿಂಗಳ ಅವಕಾಶ. ಆದ್ದರಿಂದ ಈ ಎಣಿಕೆಯನ್ನು ಈಗ ಮೂರು ತಿಂಗಳಿಗೊಮ್ಮೆ ಮಾಡುತ್ತೇನೆ.

ಇನ್ನು ಮುಕ್ತಾಯದ ಮೊತ್ತ. ತಡವಾದ ಕಂತುಗಳನ್ನು ದಂಡ ಸಹಿತ ತೀರಿಸಿದರೆ ಈ ಮೊತ್ತ ಕಡಿಮೆಯಾಗುವುದಿಲ್ಲ. ಬಡ್ಡಿ ದರ ಖಾತೆ ತೆರೆದ ದಿನದ್ದೇ ಕೊನೆಯವರೆಗೂ ಉಳಿಯುತ್ತದೆ. 2021ರ ಜನವರಿಯಲ್ಲಿ ಅದು ಶೇಕಡಾ 5.8 ಇತ್ತು, ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ. ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ನಾನು ಹಾಕುವ ಸೂತ್ರ ಇದು:

```
=1000*((1+0.058/4)^20-1)/(1-(1+0.058/4)^(-1/3))
```

ಇಲ್ಲಿ 20 ಎಂಬುದು ಐದು ವರ್ಷದ ತ್ರೈಮಾಸಿಕಗಳ ಸಂಖ್ಯೆ. ಉತ್ತರ 69,697 ರೂಪಾಯಿ, ಅಂದರೆ 60,000ದ ಮೇಲೆ 9,697 ಬಡ್ಡಿ. ಅದೇ ಸೂತ್ರಕ್ಕೆ 2023ರ ಅಕ್ಟೋಬರ್‌ನಲ್ಲಿ ಬಂದ ಶೇಕಡಾ 6.7ರ ದರ ಹಾಕಿದರೆ 71,366 ಬರುತ್ತದೆ. ಚಿಕ್ಕಮ್ಮನ ನೆರೆಮನೆಯವರು ಹೇಳಿದ್ದ ಮೊತ್ತ ಇದೇ. ಅದು ಅವರು ಆಮೇಲೆ ತೆರೆದ ಖಾತೆಗೆ ಸರಿ, 2021ರ ಖಾತೆಗೆ ಅನ್ವಯಿಸುವುದಿಲ್ಲ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ 69,697 ಎಂದೂ ಮುಕ್ತಾಯದ ದಿನ 2026ರ ಜನವರಿ 20 ಎಂದೂ ಪೆನ್ಸಿಲಿನಲ್ಲಿ ಬರೆದು ಚಿಕ್ಕಮ್ಮನಿಗೆ ಹಿಂದಿರುಗಿಸಿದೆ.